ಸ್ಟಾಲ್ ಫೋಟೊ ಕೆಳಗೆ ನಾಲ್ಕೇ ಸಾಲು: ನನ್ನ ಅನುಭವ

ಚನ್ನಪಟ್ಟಣದ ನಾವೆಲ್ಲ ಮೇಳಕ್ಕೆ ಹೋದರೆ ಹಾಕುವ ಫೋಟೊ ಒಂದೇ. ಬಣ್ಣದ ಗೊಂಬೆಗಳ ರಾಶಿ, ಹಿಂದೆ ನಗುತ್ತಾ ನಿಂತ ನಾವು, ಕೆಳಗೆ 'ನಮ್ಮ ಸ್ಟಾಲ್‌ಗೆ ತಪ್ಪದೇ ಭೇಟಿ ಕೊಡಿ, ಎಲ್ಲರಿಗೂ ಸ್ವಾಗತ'. ಈ ಸಲ ನಾನು ಸ್ವಾಗತವನ್ನೇ ಕಿತ್ತುಹಾಕಿದೆ. ನಮ್ಮ ಭಾವ ಓದಿ, 'ಇದೇನು, ಕರೆಂಟ್ ಬಿಲ್ ಓದಿದ ಹಾಗಿದೆ' ಅಂದರು. ಈಗ ಅವರೇ ಅದನ್ನು ತಮ್ಮ ಫೋನಿನಲ್ಲಿ ಇಟ್ಟುಕೊಂಡಿದ್ದಾರೆ.

ಬೆಂಗಳೂರು ಮಾದಾವರದ ವಸ್ತುಪ್ರದರ್ಶನ ಕೇಂದ್ರ ಬಿಐಇಸಿಯಲ್ಲಿ 3 ಮೀಟರ್ ಉದ್ದ, 3 ಮೀಟರ್ ಅಗಲದ ಸ್ಟಾಲ್. ಬಾಡಿಗೆ, ಟೆಂಪೊ, ಹುಡುಗರ ಊಟ, ರೂಮು ಎಲ್ಲ ಸೇರಿ ಸುಮಾರು ಒಂದೂಕಾಲು ಲಕ್ಷ ಆಯಿತು. ಹಿಂದಿನ ಮೇಳದಲ್ಲೂ ಹೆಚ್ಚುಕಡಿಮೆ ಅಷ್ಟೇ. ಆಗ ಕ್ಯಾಪ್ಶನ್ ಬರೆಯಲು ಒಬ್ಬ ಡಿಸೈನರ್‌ಗೆ ದುಡ್ಡು ಕೊಟ್ಟಿದ್ದೆವು. 'ಪರಂಪರೆಯ ಬಣ್ಣಗಳು' ಅಂತ ಶುರುವಾಗಿ, ಸ್ಟಾಲ್ ನಂಬರ್ ಬರುವಷ್ಟರಲ್ಲಿ ಏಳನೇ ಸಾಲು. ಇನ್‌ಸ್ಟಾಗ್ರಾಮ್ ಎರಡು ಸಾಲಿಗೇ ಮಡಚಿಬಿಡುತ್ತದೆ. 'ಮೋರ್' ಒತ್ತುವಷ್ಟು ತಾಳ್ಮೆ ಹಾಲ್ ಒಳಗೆ ನಡೆಯುತ್ತಿರುವ ಬೈಯರ್‌ಗೆ ಎಲ್ಲಿ? ಮೇಲೆ ದುಡ್ಡು ಕಟ್ಟಿ ಪೋಸ್ಟನ್ನು ಹೆಚ್ಚು ಜನಕ್ಕೆ ತೋರಿಸುವ ಬೂಸ್ಟ್‌ಗೆ ನಾಲ್ಕೈದು ಸಾವಿರ ಹೋಯಿತು. ಲೈಕ್ ಜಾಸ್ತಿ ಬಂತು. ಸ್ಟಾಲ್‌ಗೆ ಬಂದವರು ಮಗುವಿಗೆ ಒಂದೇ ಒಂದು ಗಿಲಕಿ ಕೇಳುವವರು. ಅವರ ಮೇಲೆ ಬೇಜಾರಿಲ್ಲ, ಆದರೆ ಒಂದು ಪೀಸು ಮಾರಿ ಈ ಬಾಡಿಗೆ ಹುಟ್ಟುವುದಿಲ್ಲ.

ಈ ಸಲ ನಾನೇ ಬರೆದದ್ದು ಇದು:

'ಮರದ ಗಿಲಕಿ, ಅಂಗಡಿಗಳಿಗೆ ಹೋಲ್‌ಸೇಲ್. ಹಾಲ್ 3, ಸ್ಟಾಲ್ ಸಿ-14.
ಕನಿಷ್ಠ ಆರ್ಡರ್ 100. ಹಾಲೆ ಮರ, ಅರಗಿನ ಬಣ್ಣ. ಕುಶಲಕರ್ಮಿ ನೋಂದಣಿ ಪತ್ರ ಸ್ಟಾಲ್‌ನಲ್ಲೇ ಇದೆ.
ಗುರುವಾರದಿಂದ ಶನಿವಾರ, 10ರಿಂದ 6. ಮಾದಾವರ ಮೆಟ್ರೊ ಇಳಿದು ಬನ್ನಿ.
ಬರುವ ಮುಂಚೆ ಗಿಲಕಿ ಅಂತ ವಾಟ್ಸಾಪ್ ಮಾಡಿ, ರೇಟ್ ಪಟ್ಟಿ ಕಳಿಸುತ್ತೇವೆ.'

ಮೊದಲ ಸಾಲಿನಲ್ಲೇ ಸಾಮಾನು, ಯಾರಿಗೆ, ಎಲ್ಲಿ. ಮಡಚಿದರೂ ಉಳಿಯುವುದು ಅದೇ. 'ಕನಿಷ್ಠ 100' ಬರೆದರೆ ಜನ ಓಡಿಹೋಗುತ್ತಾರೆ ಅಂತ ಪಕ್ಕದ ಸ್ಟಾಲಿನವರು ಹೆದರಿಸಿದರು. ಓಡಿಹೋದವರು ಒಂದು ಪೀಸಿನವರು ಮಾತ್ರ. ನೋಂದಣಿ ಸಾಲಿಗೂ ಕಾರಣ ಇದೆ. 2021ರ ಜನವರಿಯಿಂದ ಆಟಿಕೆಗೆ ಐಎಸ್‌ಐ ಗುರುತು ಕಡ್ಡಾಯ. ಕರಕುಶಲ ಅಭಿವೃದ್ಧಿ ಆಯುಕ್ತರಲ್ಲಿ ನೋಂದಾಯಿಸಿದ ಕುಶಲಕರ್ಮಿ ತಾನೇ ಮಾಡಿ ಮಾರುವ ಆಟಿಕೆಗೆ ವಿನಾಯಿತಿ ಇದೆ. ಅಂಗಡಿಯವರು ಮೊದಲು ಕೇಳುವುದೇ 'ಗುರುತು ಎಲ್ಲಿ?' ಅಂತ. ಪತ್ರ ಇದೆ ಅಂತ ಮೊದಲೇ ಹೇಳಿದರೆ ಮಾತು ನೇರ ರೇಟಿಗೆ ಬರುತ್ತದೆ.

ಫೋಟೊದಲ್ಲಿ ರಾಶಿ ಇಲ್ಲ. ಒಂದೇ ಗಿಲಕಿ, ಕೈಯಲ್ಲಿ ಹಿಡಿದು ಮುಂದೆ. ಹಿಂದೆ ಸ್ಟಾಲ್ ನಂಬರಿನ ಹಲಗೆ. ಹಲಗೆ ಮೇಲಿರುತ್ತದೆ, ಹಾಗಾಗಿ ದಾರಿಯಲ್ಲಿ ಕುಕ್ಕರಗಾಲಲ್ಲಿ ಕೂತು ತೆಗೆಯಬೇಕು. ಸ್ಪಾಟ್‌ಲೈಟ್ ಬೆಳಕಿಗೆ ನಂಬರ್ ಬೆಳ್ಳಗೆ ಅಳಿಸಿಹೋಗುತ್ತದೆ. ಫೋನಿನಲ್ಲಿ ಹಲಗೆಯ ಮೇಲೆ ಬೆರಳಿಟ್ಟು ಬೆಳಕು ತಗ್ಗಿಸಿ. ತೆಗೆದ ಮೇಲೆ ಬೇರೆಯವರ ಫೋನಿಗೆ ಕಳಿಸಿ ನೋಡಿ. ವಾಟ್ಸಾಪ್ ಫೋಟೊ ಕುಗ್ಗಿಸುತ್ತದೆ, ಆಮೇಲೂ ನಂಬರ್ ಓದಲು ಬಂದರೆ ಸರಿ. ಯಾವ ಹೊತ್ತಿಗೆ ಹಾಕಿದೆ ಅನ್ನುವುದನ್ನು ಮಾತ್ರ ಕೇಳಬೇಡಿ, ಅದು ಅಂಗಡಿ ಗುಟ್ಟು.

ಸುಮ್ನೆ ಒಂದೆರಡು ಪ್ರಯೋಗವೂ ನಡೆಯಿತು. ಫೋಟೊ ಮೂಲೆಯಲ್ಲಿ ಕ್ಯೂಆರ್ ಕೋಡ್ ಹಾಕಿದ್ದೆವು. ತನ್ನ ಫೋನಿನಲ್ಲಿ ಕಾಣುವ ಕೋಡನ್ನು ಅದೇ ಫೋನಿನ ಕ್ಯಾಮೆರಾದಿಂದ ಹೇಗೆ ಸ್ಕ್ಯಾನ್ ಮಾಡುತ್ತಾರೆ? ತೆಗೆದು ಸ್ಟಾಲ್ ಮೇಜಿನ ಮೇಲಿಟ್ಟೆವು, ಅಲ್ಲಿ ಕೆಲಸಕ್ಕೆ ಬಂತು. ಅದೇ ನಾಲ್ಕು ಸಾಲನ್ನು ಹಿಂದಿಯಲ್ಲೂ ಬೇರೆ ಪೋಸ್ಟ್ ಹಾಕಿದೆವು. ಅದನ್ನು ನೋಡಿ ಬಂದ ಇಂದೋರಿನ ಒಬ್ಬ ವ್ಯಾಪಾರಿ ಗಿಲಕಿ ಬಿಟ್ಟು ಬುಗುರಿ ಕೇಳಿದರು! ವಾಟ್ಸಾಪ್ ಬ್ರಾಡ್‌ಕಾಸ್ಟ್ ನಂಬಿಕೊಂಡವರಿಗೆ ಒಂದು ಮಾತು: ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ಅದು ತಲುಪುತ್ತದೆ. ಒಂದು ಪಟ್ಟಿಗೆ 256 ಜನರನ್ನು ತುಂಬಿಸಿದರೂ ಅರ್ಧಕ್ಕೂ ಹೋಗದೆ ಇರಬಹುದು. ಹಳೆ ಗಿರಾಕಿಗಳಿಗೆ ಒಬ್ಬೊಬ್ಬರಿಗೇ ಕಳಿಸಿದೆ, ಕೈ ನೋವು ಬಂತು, ಆದರೆ ಉತ್ತರವೂ ಬಂತು.

ಗಿಲಕಿ ಅಂತ ಮೆಸೇಜ್ ಮಾಡಿದವರು ನನ್ನ ನೆನಪಿನಲ್ಲಿ ನಲವತ್ತರ ಆಸುಪಾಸು. ಸ್ಟಾಲ್‌ವರೆಗೆ ಬಂದವರು ಅರ್ಧದಷ್ಟು. ಮೇಳದಲ್ಲೂ ಮುಂದಿನ ತಿಂಗಳೂ ಸೇರಿ ಸುಮಾರು ಮೂರು ಲಕ್ಷದ ಆರ್ಡರ್ ಆಯಿತು, ಬೂಸ್ಟ್‌ಗೆ ಒಂದು ರೂಪಾಯಿ ಹಾಕಿಲ್ಲ. ಶನಿವಾರ ಸಂಜೆ ಸ್ಟಾಲ್ ಬಿಚ್ಚುವಾಗಲೇ ಕ್ಯಾಪ್ಶನ್ ತಿದ್ದಿ, ಹಾಲ್ ನಂಬರ್ ಇದ್ದಲ್ಲಿ 'ಮೇಳ ಮುಗಿದಿದೆ, ಸ್ಯಾಂಪಲ್ ಕೊರಿಯರ್ ಮಾಡುತ್ತೇವೆ' ಅಂತ ಹಾಕಿದೆ. ಆ ಪೋಸ್ಟಿಗೆ ಈಗಲೂ ಮೆಸೇಜ್ ಬರುತ್ತಿದೆ.