ಅವಧಿ ಮುಗಿಯುವ ಮುನ್ನ ಆನ್‌ಲೈನ್ ತರಗತಿಗಳ ರೆಕಾರ್ಡಿಂಗ್ ಇಳಿಸಿಟ್ಟುಕೊಳ್ಳುವುದು ಹೇಗೆ?

ಪರೀಕ್ಷೆ ಹತ್ತಿರ ಬಂದಾಗ ವಿದ್ಯಾರ್ಥಿಯೊಬ್ಬ ಹಳೆಯ ಪಾಠದ ಲಿಂಕ್ ಒತ್ತುತ್ತಾನೆ. ಪರದೆಯ ಮೇಲೆ ಬರುವುದು ಒಂದೇ ಸಾಲು: `This recording does not exist`. ಲಿಂಕ್ ತಪ್ಪಿಲ್ಲ, ಪಾಸ್‌ಕೋಡ್ ಕೂಡ ಸರಿಯಿದೆ. ರೆಕಾರ್ಡಿಂಗ್ ಇಟ್ಟುಕೊಳ್ಳುವ ಅವಧಿ ಮುಗಿದು, ಫೈಲೇ ಕ್ಲೌಡ್‌ನಿಂದ ಹೋಗಿದೆ.

ಝೂಮ್‌ನಲ್ಲಿ ನಡೆಯುವ ತರಗತಿಗಳನ್ನೇ ಇಲ್ಲಿ ಉದಾಹರಣೆಗೆ ತೆಗೆದುಕೊಳ್ಳೋಣ. ಕ್ಲೌಡ್ ರೆಕಾರ್ಡಿಂಗ್ ಅಲ್ಲಿ ಹಣ ಕಟ್ಟಿದ ಖಾತೆಗಳಿಗೆ ಸಿಗುವ ಸೌಲಭ್ಯ. ಸಂಸ್ಥೆಯ ಖಾತೆಯಾಗಿದ್ದರೆ, ಇಷ್ಟು ದಿನಗಳ ನಂತರ ರೆಕಾರ್ಡಿಂಗ್ ತಾನಾಗಿಯೇ ಅಳಿಯಲಿ ಎಂದು ಅಡ್ಮಿನ್ ನಿಯಮ ಮಾಡಬಹುದು. ಜಾಗ ತುಂಬದಿರಲಿ ಎಂದು ಬಹಳಷ್ಟು ಸಂಸ್ಥೆಗಳು ಹಾಗೆ ಮಾಡಿರುತ್ತವೆ.

ಕೊನೆಯ ದಿನ ಒಂದಲ್ಲ

ಹೆಚ್ಚಿನವರು ಎಡವುವುದು ಇಲ್ಲಿ. ‘ರೆಕಾರ್ಡಿಂಗ್‌ಗಳು 120 ದಿನ ಇರುತ್ತವೆ’ ಎಂದು ಕೇಳಿದಾಗ, ಎಲ್ಲವೂ ಒಂದೇ ದಿನ ಹೋಗುತ್ತವೆ, ಅದಕ್ಕೆ ಒಂದು ವಾರ ಮೊದಲು ಕೂತು ಇಳಿಸಿಕೊಂಡರಾಯಿತು ಅನ್ನಿಸುತ್ತದೆ. ಆದರೆ ದಿನಗಳ ಎಣಿಕೆ ಒಂದೊಂದು ರೆಕಾರ್ಡಿಂಗ್‌ಗೂ ಬೇರೆ ಬೇರೆ. ಜೂನ್ 3ರ ತರಗತಿಗೆ 120 ದಿನ ತುಂಬುವುದು ಅಕ್ಟೋಬರ್ 1ಕ್ಕೆ. ಜೂನ್ 5ರದ್ದು ಅಕ್ಟೋಬರ್ 3ಕ್ಕೆ. ಪರೀಕ್ಷೆ ನವೆಂಬರ್‌ನಲ್ಲಿದ್ದರೆ, ಆ ಹೊತ್ತಿಗೆ ಮೊದಲ ಕೆಲವು ವಾರಗಳ ಪಾಠಗಳು ಒಂದರ ಹಿಂದೆ ಒಂದರಂತೆ ಹೋಗಿಬಿಟ್ಟಿರುತ್ತವೆ. ಇತ್ತೀಚಿನ ಪಾಠಗಳು ಪಟ್ಟಿಯಲ್ಲಿ ಮೇಲೇ ಕಾಣುತ್ತಿರುವುದರಿಂದ ಕೆಳಗಿನವು ಕರಗಿದ್ದು ಕಣ್ಣಿಗೆ ಬೀಳುವುದೇ ಇಲ್ಲ.

ಆದ್ದರಿಂದ ಮೊದಲ ಕೆಲಸ ದಿನಾಂಕಗಳ ಪಟ್ಟಿ. ಬ್ರೌಸರ್‌ನಲ್ಲಿ ಝೂಮ್ ಖಾತೆಗೆ ಲಾಗಿನ್ ಆಗಿ, ಎಡಬದಿಯಲ್ಲಿರುವ `Recordings` ಒತ್ತಿ, ಅಲ್ಲಿ ಕ್ಲೌಡ್ ರೆಕಾರ್ಡಿಂಗ್‌ಗಳ ಪಟ್ಟಿಗೆ ಹೋಗಿ. ತಾನಾಗಿ ಅಳಿಸುವ ನಿಯಮ ಜಾರಿಯಲ್ಲಿದ್ದರೆ ಇನ್ನೆಷ್ಟು ದಿನ ಉಳಿದಿದೆ ಎಂಬುದು ಅಲ್ಲೇ ಕಾಣುತ್ತದೆ. ಕಾಣದಿದ್ದರೆ ಸಂಸ್ಥೆಯ ಅಡ್ಮಿನ್‌ರನ್ನು ಕೇಳಿ. ಪಟ್ಟಿಯನ್ನು ಕೆಲವೇ ದಿನಗಳ ಅವಧಿಗೆ ಸೀಮಿತಗೊಳಿಸುವ ದಿನಾಂಕದ ಆಯ್ಕೆಯೂ ಅಲ್ಲಿರುತ್ತದೆ. ಅದನ್ನು ಮೊದಲ ತರಗತಿಯ ದಿನದವರೆಗೆ ಹಿಂದಕ್ಕೆ ಒಯ್ಯದಿದ್ದರೆ ಹಳೆಯವು ಇದ್ದರೂ ಇಲ್ಲದಂತೆ ತೋರುತ್ತವೆ.

ಒಂದು ಹಾಳೆಯಲ್ಲೋ ಸ್ಪ್ರೆಡ್‌ಶೀಟ್‌ನಲ್ಲೋ ತರಗತಿಯ ಸಂಖ್ಯೆ, ನಡೆದ ದಿನ, ವಿಷಯ, ಎಷ್ಟು ನಿಮಿಷ, ಅಳಿಯುವ ದಿನ ಇಷ್ಟನ್ನು ಬರೆದುಕೊಳ್ಳಿ. ಹಳೆಯದು ಮೊದಲು, ಹೊಸದು ಕೊನೆಗೆ. ಇಳಿಸುವ ಕ್ರಮವೂ ಇದೇ.

ಇದಲ್ಲದೆ ಇನ್ನೊಂದು ಗಡುವು ಇದೆ, ಅದು ಎಲ್ಲಕ್ಕೂ ಒಂದೇ ಸಲ ಬೀಳುತ್ತದೆ. ಶಿಕ್ಷಕರು ಸಂಸ್ಥೆ ಬಿಡುವಾಗ, ಇಲ್ಲವೇ ಚಂದಾ ನವೀಕರಿಸದೆ ನಿಂತಾಗ, ಖಾತೆಯ ಜೊತೆ ರೆಕಾರ್ಡಿಂಗ್‌ಗಳೂ ಕೈತಪ್ಪುತ್ತವೆ. ಇವೆರಡರಲ್ಲಿ ಒಂದು ನಿಮಗೆ ಅನ್ವಯಿಸುವುದಾದರೆ 120 ದಿನದ ಲೆಕ್ಕ ಬದಿಗಿಟ್ಟು ಆ ದಿನವನ್ನೇ ಗಡುವೆಂದು ಹಿಡಿಯಿರಿ.

ಯಾರು ಇಳಿಸಬಹುದು?

ತರಗತಿ ನಡೆಸಿದ ಹೋಸ್ಟ್ ಖಾತೆಯವರು ಅಥವಾ ಸಂಸ್ಥೆಯ ಅಡ್ಮಿನ್ ಮಾತ್ರ ಎಲ್ಲ ಫೈಲುಗಳನ್ನೂ ಇಳಿಸಿಕೊಳ್ಳಬಲ್ಲರು. ವಿದ್ಯಾರ್ಥಿಗೆ ಸಿಕ್ಕಿರುವುದು ನೋಡುವ ಲಿಂಕ್. ಹಂಚುವಾಗ ನೋಡುಗರಿಗೂ ಡೌನ್‌ಲೋಡ್ ಅನುಮತಿ ಕೊಟ್ಟಿದ್ದರೆ ಮಾತ್ರ ಆ ಪುಟದಲ್ಲಿ `Download` ಕಾಣುತ್ತದೆ. ಕಾಣದಿದ್ದರೆ ಶಿಕ್ಷಕರಿಗೆ ಬರೆಯಿರಿ. ‘ಪಾಠದ ವಿಡಿಯೊ ಬೇಕು ಸರ್’ ಎನ್ನುವುದಕ್ಕಿಂತ ‘ಜೂನ್ 3ರ ತರಗತಿ ಅಕ್ಟೋಬರ್ 1ಕ್ಕೆ ಅಳಿಯುತ್ತದೆ, ಡೌನ್‌ಲೋಡ್ ಅನುಮತಿ ಕೊಡಿ ಅಥವಾ ನೀವೇ ಇಳಿಸಿಟ್ಟುಕೊಳ್ಳಿ’ ಎಂದು ದಿನಾಂಕ ಹಾಕಿ ಬರೆದರೆ ಕೆಲಸ ಆಗುವ ಸಾಧ್ಯತೆ ಹೆಚ್ಚು.

ಇಳಿಸುವುದು

ಒಬ್ಬ ಶಿಕ್ಷಕಿ 75 ನಿಮಿಷದ 36 ತರಗತಿ ನಡೆಸಿದ್ದಾರೆ ಎಂದುಕೊಳ್ಳಿ. ಸ್ಲೈಡು ಮತ್ತು ಮುಖ ಕಾಣುವ ಇಂಥ ಒಂದು ತರಗತಿ 250 ಎಂಬಿ ಇದ್ದರೆ ಒಟ್ಟು 9 ಜಿಬಿ. ಸೆಕೆಂಡಿಗೆ 20 ಮೆಗಾಬಿಟ್ ವೇಗದ ಸಂಪರ್ಕದಲ್ಲಿ ಸೆಕೆಂಡಿಗೆ ಎರಡೂವರೆ ಎಂಬಿ ಇಳಿಯುತ್ತದೆ, ಅಂದರೆ ಸುಮಾರು ಒಂದು ಗಂಟೆಯ ಕೆಲಸ. ಫೈಲಿಗೆ ಹೆಸರಿಡುವುದು, ಪರೀಕ್ಷಿಸುವುದು ಸೇರಿ ಒಂದು ಅರ್ಧ ದಿನ ಎತ್ತಿಡಿ. ಕಂಪ್ಯೂಟರಿನಲ್ಲಿ ಕನಿಷ್ಠ 15 ಜಿಬಿ ಖಾಲಿ ಇರಲಿ.

ಪಟ್ಟಿಯಲ್ಲಿ ತರಗತಿಯ ಹೆಸರನ್ನು ಒತ್ತಿದರೆ ಅದರೊಳಗಿನ ಫೈಲುಗಳು ತೆರೆದುಕೊಳ್ಳುತ್ತವೆ. ಒಂದು ತರಗತಿ ಎಂದರೆ ಒಂದು ಫೈಲಲ್ಲ. `.mp4` ವಿಡಿಯೊ, `.m4a` ಬರೀ ಧ್ವನಿ, `.txt` ಚಾಟ್, `.vtt` ಮಾತಿನ ಬರಹರೂಪ. ಖಾತೆಯಲ್ಲಿ ಯಾವ ಆಯ್ಕೆಗಳಿವೆ ಎಂಬುದರ ಮೇಲೆ ಇವುಗಳಲ್ಲಿ ಕೆಲವು ಇರಬಹುದು, ಇಲ್ಲದಿರಬಹುದು. ಮಧ್ಯದಲ್ಲಿ ರೆಕಾರ್ಡಿಂಗ್ ನಿಲ್ಲಿಸಿ ಮತ್ತೆ ಶುರು ಮಾಡಿದ್ದರೆ ವಿಡಿಯೊಗಳೇ ಎರಡಿರುತ್ತವೆ. ವಿರಾಮದ ಮೊದಲಿನ ಭಾಗ ಇಳಿಸಿ, ನಂತರದ್ದನ್ನು ಮರೆಯುವುದು ತುಂಬಾ ಸಾಮಾನ್ಯ. ಹಾಗಾಗಿ ಎಲ್ಲ ಫೈಲುಗಳನ್ನು ಒಟ್ಟಿಗೆ ಇಳಿಸುವ `Download` ಗುಂಡಿಯನ್ನೇ ಬಳಸಿ. ಒಟ್ಟಿಗೆ ಹಲವು ಫೈಲು ಇಳಿಸಬಹುದೇ ಎಂದು ಬ್ರೌಸರ್ ಕೇಳುತ್ತದೆ, ಒಪ್ಪಿಗೆ ಕೊಡಿ. ಆ ಪುಟ್ಟ ಪ್ರಶ್ನೆಯನ್ನು ಗಮನಿಸದೆ ಬಿಟ್ಟರೆ ಮೊದಲ ಫೈಲಷ್ಟೇ ಇಳಿದು ಉಳಿದವು ನಿಂತುಬಿಡುತ್ತವೆ.

ಚಾಟ್ ಫೈಲನ್ನು ‘ಅದೇನು ಬೇಕು’ ಎಂದು ಬಿಡಬೇಡಿ. ತರಗತಿಯಲ್ಲಿ ಕೊಟ್ಟ ಲಿಂಕುಗಳು, ವಿದ್ಯಾರ್ಥಿಗಳು ಬರೆದು ಕೇಳಿದ ಪ್ರಶ್ನೆಗಳು ಅದರಲ್ಲಿವೆ. ರೆಕಾರ್ಡಿಂಗ್ ನಡೆಯುತ್ತಿದ್ದಾಗ ಎಲ್ಲರಿಗೂ ಕಾಣುವಂತೆ ಬರೆದದ್ದಷ್ಟೇ ಕ್ಲೌಡ್‌ನ ಚಾಟ್ ಫೈಲಿನಲ್ಲಿ ಉಳಿಯುತ್ತದೆ. ಒಬ್ಬರಿಗೊಬ್ಬರು ಖಾಸಗಿಯಾಗಿ ಬರೆದದ್ದು ಅದರಲ್ಲಿ ಇರುವುದಿಲ್ಲ.

ಇಳಿದ ಫೈಲಿನ ಹೆಸರು ಹೀಗಿರುತ್ತದೆ: `GMT20240603-033000_Recording_1920x1080.mp4`. ಪಾಠದ ಹೆಸರು ಇದರಲ್ಲಿ ಎಲ್ಲೂ ಇಲ್ಲ. ಮೇಲಾಗಿ ಅಲ್ಲಿರುವುದು ಗ್ರೀನಿಚ್ ಸಮಯ, ನಿಮ್ಮ ಗಡಿಯಾರದ್ದಲ್ಲ. ಗ್ರೀನಿಚ್‌ಗಿಂತ ಮುಂದಿರುವ ದೇಶಗಳಲ್ಲಿ ನಸುಕಿನ ತರಗತಿಗೆ ಹಿಂದಿನ ದಿನದ ತಾರೀಕು ಬಿದ್ದಿರುತ್ತದೆ. ಮೂವತ್ತಾರನ್ನೂ ಇಳಿಸಿ ಆಮೇಲೆ ಹೆಸರಿಡುತ್ತೇನೆಂದರೆ ಯಾವುದು ಯಾವುದೆಂದು ತಿಳಿಯಲು ಒಂದೊಂದನ್ನೂ ತೆರೆದು ನೋಡಬೇಕಾಗುತ್ತದೆ. ಒಂದು ತರಗತಿ ಇಳಿದ ಕೂಡಲೇ ಅದಕ್ಕೊಂದು ಫೋಲ್ಡರ್ ಮಾಡಿ, ಹೆಸರು ಬದಲಿಸಿ, ನಂತರ ಮುಂದಿನದಕ್ಕೆ ಹೋಗಿ. `01_2024-06-03.mp4` ಎಂಬಂಥ ಹೆಸರು ಸಾಕು. `.vtt` ಫೈಲಿಗೂ ಅದೇ ಹೆಸರು ಕೊಟ್ಟು `01_2024-06-03.vtt` ಎಂದು ಮಾಡಿದರೆ, ವಿಎಲ್‌ಸಿ ಪ್ಲೇಯರ್ ಅದನ್ನು ತಾನೇ ಗುರುತಿಸಿ ವಿಡಿಯೊದ ಕೆಳಗೆ ಅಕ್ಷರಗಳನ್ನು ತೋರಿಸುತ್ತದೆ.

ಇಳಿದಿದೆಯೇ, ಪೂರ್ತಿ ಇಳಿದಿದೆಯೇ?

ನನ್ನ ಪ್ರಕಾರ ಇಡೀ ಕೆಲಸದಲ್ಲಿ ಅವಸರ ಮಾಡಬಾರದ ಘಟ್ಟ ಇದೊಂದೇ. ಸಂಪರ್ಕ ಕಡಿದು ಅರ್ಧ ಇಳಿದ ವಿಡಿಯೊ ಕೆಲವು ಸಲ ತೆರೆಯುತ್ತದೆ, ಮೊದಲ ಹತ್ತು ನಿಮಿಷ ಚೆನ್ನಾಗಿಯೇ ಓಡುತ್ತದೆ. `.mp4` ಫೈಲಿನಲ್ಲಿ ಯಾವ ಚಿತ್ರ ಎಲ್ಲಿದೆ ಎಂದು ಹೇಳುವ ಒಂದು ಸೂಚಿ ಇರುತ್ತದೆ. ಅದು ಫೈಲಿನ ಕೊನೆಯಲ್ಲಿದ್ದರೆ ಅರ್ಧ ಇಳಿದ ಫೈಲು ತೆರೆಯುವುದೇ ಇಲ್ಲ, ದೋಷ ಆಗಲೇ ಗೊತ್ತಾಗುತ್ತದೆ. ಸೂಚಿ ಮೊದಲಲ್ಲಿದ್ದರೆ ಪ್ಲೇಯರ್ 75 ನಿಮಿಷ ಎಂದೇ ತೋರಿಸುತ್ತದೆ, ನಲವತ್ತನೇ ನಿಮಿಷಕ್ಕೆ ನಿಲ್ಲುತ್ತದೆ. ಹಾಗಾಗಿ ಶುರುವಿನ ಭಾಗ ನೋಡಿ ‘ಸರಿ ಇದೆ’ ಎನ್ನುವುದಕ್ಕೆ ಅರ್ಥವಿಲ್ಲ. ನಡುವಿಗೊಮ್ಮೆ, ಕೊನೆಯ ನಿಮಿಷಕ್ಕೊಮ್ಮೆ ಎಳೆದು ನೋಡಿ. ಚಿತ್ರ, ಧ್ವನಿ ಎರಡೂ ಇರಬೇಕು. ಫೋಲ್ಡರಿನ ಒಟ್ಟು ಗಾತ್ರ ಝೂಮ್ ಪಟ್ಟಿಯಲ್ಲಿರುವ ಗಾತ್ರಕ್ಕೆ ಹತ್ತಿರವಿರಬೇಕು. ಸಣ್ಣ ವ್ಯತ್ಯಾಸ ಎಂಬಿ ಎಣಿಸುವ ಕ್ರಮದಿಂದ ಬರುತ್ತದೆ, ಅದಕ್ಕೆ ಚಿಂತೆ ಬೇಡ. `.crdownload` ಅಥವಾ `.part` ಎಂದು ಕೊನೆಯಾಗುವ ಫೈಲು ಉಳಿದಿದ್ದರೆ ಅದು ಇನ್ನೂ ಮುಗಿಯದ ಡೌನ್‌ಲೋಡ್.

ಎಫ್‌ಎಫ್‌ಎಂಪೆಗ್ ಎಂಬ ಉಚಿತ ತಂತ್ರಾಂಶ ಇದ್ದವರು ವಿಡಿಯೊವನ್ನು ಮೊದಲಿನಿಂದ ಕೊನೆವರೆಗೆ ಹೀಗೆ ಪರೀಕ್ಷಿಸಬಹುದು:

```
ffmpeg -v error -i 01_2024-06-03.mp4 -f null -
```

ಏನೂ ಮೂಡದೆ ಮುಗಿದರೆ ಫೈಲು ಓದಲು ಬರುತ್ತಿದೆ ಎಂದರ್ಥ. ದೋಷದ ಸಾಲುಗಳು ಬಂದರೆ ಮತ್ತೆ ಇಳಿಸಿ, ಕ್ಲೌಡ್‌ನಲ್ಲಿ ಅದಿನ್ನೂ ಇರುವಾಗಲೇ.

ಆಗಲೇ ಅಳಿದುಹೋಗಿದ್ದರೆ

ಝೂಮ್‌ನಲ್ಲಿ ಅಳಿದ ರೆಕಾರ್ಡಿಂಗ್ ಮೊದಲು `Trash` ಸೇರುತ್ತದೆ, ಅಲ್ಲಿ 30 ದಿನ ಇರುತ್ತದೆ. ನಮ್ಮ ಉದಾಹರಣೆಯ ಜೂನ್ 3ರ ತರಗತಿ ಅಕ್ಟೋಬರ್ 1ಕ್ಕೆ ಪಟ್ಟಿಯಿಂದ ಹೋದರೂ ಅಕ್ಟೋಬರ್ 20ಕ್ಕೆ ನೆನಪಾದ ಶಿಕ್ಷಕಿಗೆ ಅದು ಸಿಗುತ್ತದೆ. `Recordings` ಪುಟದಲ್ಲಿ `Trash` ತೆರೆದು ಮರಳಿ ತಂದು, ಅದೇ ಕೂತಲ್ಲಿ ಇಳಿಸಿಕೊಳ್ಳಬೇಕು. ನವೆಂಬರ್‌ಗೆ ಹೋದರೆ ಆ ದಾರಿಯೂ ಮುಚ್ಚಿರುತ್ತದೆ. ‘ರೆಕಾರ್ಡಿಂಗ್ ಇಲ್ಲ’ ಎಂದು ವಿದ್ಯಾರ್ಥಿಗೆ ಉತ್ತರಿಸುವ ಮೊದಲು ಹೋಸ್ಟ್ ಆದವರು ಇಲ್ಲೊಮ್ಮೆ ನೋಡಲೇಬೇಕು.

ಮೈಕ್ರೋಸಾಫ್ಟ್ ಟೀಮ್ಸ್ ಬಳಸುವವರಿಗೆ ದಾರಿ ಸ್ವಲ್ಪ ಬೇರೆ. ಅಲ್ಲಿ ರೆಕಾರ್ಡಿಂಗ್ ಒನ್‌ಡ್ರೈವ್ ಅಥವಾ ಶೇರ್‌ಪಾಯಿಂಟ್‌ನಲ್ಲಿ ಕೂರುತ್ತದೆ. ಅಡ್ಮಿನ್ ಬದಲಿಸದಿದ್ದರೆ ಅವಧಿ ಸಾಮಾನ್ಯವಾಗಿ 120 ದಿನ. ಒಳ್ಳೆಯದೇನೆಂದರೆ ಫೈಲಿನ ವಿವರಗಳಲ್ಲಿ ಮುಕ್ತಾಯದ ದಿನಾಂಕವನ್ನು ಅದರ ಮಾಲೀಕರೇ ಮುಂದೂಡಬಹುದು. ಇಳಿಸಿಕೊಳ್ಳಲು ಸಮಯವಿಲ್ಲದ ದಿನ ಅಷ್ಟನ್ನಾದರೂ ಮಾಡಿ. ವಿಡಿಯೊವನ್ನು ಮತ್ತೆ ಮತ್ತೆ ನೋಡುವುದರಿಂದ ಮಾತ್ರ ಅವಧಿ ಬೆಳೆಯುವುದಿಲ್ಲ.

ಎಲ್ಲಿ ಇಡುವುದು?

ಒಂದು ಪ್ರತಿ ಕಂಪ್ಯೂಟರಿನಲ್ಲಿ, ಇನ್ನೊಂದು ಹೊರಗಿನ ಹಾರ್ಡ್ ಡಿಸ್ಕ್‌ನಲ್ಲಿ. ಸಂಸ್ಥೆ ಕೊಟ್ಟ ಖಾತೆಯ ಆನ್‌ಲೈನ್ ಡ್ರೈವ್‌ಗೆ ಹಾಕಿದ್ದನ್ನು ಎರಡನೇ ಪ್ರತಿ ಎಂದು ಲೆಕ್ಕಕ್ಕೆ ಹಿಡಿಯಬೇಡಿ. ಖಾತೆ ಮುಚ್ಚಿದ ದಿನ ಅದೂ ಹೋಗುತ್ತದೆ. ಎಲ್ಲವನ್ನೂ ಒಂದೇ ಜಿಪ್ ಫೈಲು ಮಾಡುವ ಆಸೆಯೂ ಬೇಡ. ವಿಡಿಯೊ ಮೊದಲೇ ಕುಗ್ಗಿಸಿದ್ದು, ಜಿಪ್ ಮಾಡಿದರೆ ಗಾತ್ರ ಇಳಿಯುವುದಿಲ್ಲ. ಫ್ಯಾಟ್32 ಮಾದರಿಯ ಪೆನ್‌ಡ್ರೈವ್ 4 ಜಿಬಿ ದಾಟಿದ ಫೈಲನ್ನು ತೆಗೆದುಕೊಳ್ಳುವುದೂ ಇಲ್ಲ. ಯೂಟ್ಯೂಬ್‌ಗೆ ಏರಿಸುವ ಮುನ್ನ ವಿದ್ಯಾರ್ಥಿಗಳ ಮುಖ, ಹೆಸರು, ಧ್ವನಿ ಅದರಲ್ಲಿವೆ ಎಂಬುದನ್ನು ನೆನೆಯಿರಿ. ‘ಅನ್‌ಲಿಸ್ಟೆಡ್’ ಎಂದಿಟ್ಟರೂ ಲಿಂಕ್ ಕೈಗೆ ಸಿಕ್ಕ ಯಾರು ಬೇಕಾದರೂ ನೋಡಬಹುದು. ಅವರ ಒಪ್ಪಿಗೆಯಿಲ್ಲದೆ ಅದು ಸಲ್ಲದು.

ಕ್ಲೌಡ್‌ನಲ್ಲಿರುವ ಮೂಲವನ್ನು ನೀವಾಗಿ ಅಳಿಸಬೇಡಿ, ಅವಧಿ ಮುಗಿದಾಗ ಅದು ತಾನೇ ಹೋಗಲಿ. ಅಷ್ಟರಲ್ಲಿ ಪಾಠದ ಪುಟದಲ್ಲಿ, ಗುಂಪಿನ ಸಂದೇಶಗಳಲ್ಲಿ ಹಂಚಿದ್ದ ಹಳೆಯ ಝೂಮ್ ಲಿಂಕುಗಳ ಜಾಗಕ್ಕೆ, ವಿದ್ಯಾರ್ಥಿಗಳಿಗೆಂದು ಬೇರೆಡೆ ಏರಿಸಿಟ್ಟ ಪ್ರತಿಗಳಿದ್ದರೆ ಅವುಗಳ ಹೊಸ ಲಿಂಕುಗಳನ್ನು ಹಾಕಿ. ಅವೂ ಹಳೆಯದು ಮೊದಲು ಎಂಬ ಅದೇ ಕ್ರಮದಲ್ಲಿ, ಏಕೆಂದರೆ ಮೊದಲು ಸಾಯುವ ಲಿಂಕ್ ಒಂದನೇ ತರಗತಿಯದ್ದು.