ಫೋಟೋದಲ್ಲಿ ಬಂದ ಬ್ಯಾಂಕ್ ಸ್ಟೇಟ್‌ಮೆಂಟ್: ಲೆಡ್ಜರ್‌ಗೆ ಹೊಂದಿಸುವುದು ಹೇಗೆ?

ಕಲಬುರಗಿ ಗಂಜಿನ ಒಂದು ತೊಗರಿ ಅಡತಿ ಅಂಗಡಿ ಅಂದುಕೊಳ್ಳಿ. ಮಾರ್ಚ್ 31ಕ್ಕೆ ಲೆಡ್ಜರ್‌ನಲ್ಲಿ ಬ್ಯಾಂಕ್ ಬಾಕಿ ₹2,84,600. ಸ್ಟೇಟ್‌ಮೆಂಟ್‌ನಲ್ಲಿ ₹3,11,246. ಸ್ಟೇಟ್‌ಮೆಂಟ್ ಅಂದರೆ ಮಾಲೀಕರು ವಾಟ್ಸಾಪ್‌ನಲ್ಲಿ ಕಳಿಸಿದ ಐದು ಫೋಟೋ, ಅದೂ ಹಿಂದುಮುಂದಾಗಿ.

ಕೂಡಲೇ ಟಿಕ್ ಹಾಕಲು ಕೂರಬೇಡಿ. ಮೊದಲು ಪುಟಗಳ ಸರಪಳಿ ನೋಡಿ. ತಾರೀಖು ನೋಡಿ ಫೋಟೋಗಳನ್ನು ಸಾಲಾಗಿ ಇಟ್ಟುಕೊಳ್ಳಿ. ಒಂದು ಪುಟದ ಕೊನೆಯ ಬಾಕಿಗೆ ಮುಂದಿನ ಪುಟದ ಮೊದಲ ಸಾಲಿನ ಜಮಾ ಕೂಡಿಸಿ, ಖರ್ಚಾದರೆ ಕಳೆಯಿರಿ. ಆ ಸಾಲಿನಲ್ಲಿ ಅಚ್ಚಾದ ಬಾಕಿಯೇ ಬರಬೇಕು.

ನಮ್ಮ ಅಂಗಡಿಯ ಎರಡನೇ ಪುಟ ₹1,96,400ಕ್ಕೆ ಮುಗಿಯುತ್ತದೆ. ಮೂರನೇ ಪುಟದ ಮೊದಲ ಸಾಲು ₹10,000 ಖರ್ಚು. ಬಾಕಿ ₹1,86,400 ಇರಬೇಕಿತ್ತು, ಅಚ್ಚಾಗಿರುವುದು ₹1,71,400. ಅಂದರೆ ₹15,000 ಖರ್ಚಿನ ಒಂದು ಸಾಲು ಫೋಟೋದ ಅಂಚಿನಲ್ಲಿ ಕತ್ತರಿಸಿ ಹೋಗಿದೆ. ಎರಡನೇ ಪುಟದ ಕೆಳಭಾಗದ್ದು ಇನ್ನೊಂದು ಫೋಟೋ ತರಿಸಿ.

ಇದನ್ನು ಬಿಟ್ಟರೆ ಏನಾಗುತ್ತದೆ? ಕೊನೆಯ ಬಾಕಿ ಬ್ಯಾಂಕ್ ಅಚ್ಚು ಹಾಕಿದ್ದು, ಅದು ಸರಿಯಾಗೇ ಇರುತ್ತದೆ. ಆದರೆ ಲೆಡ್ಜರ್‌ನಲ್ಲಿರುವ ಆ ₹15,000ದ ಚೆಕ್ ಫೋಟೋದಲ್ಲಿ ಕಾಣುವುದಿಲ್ಲ. ಇನ್ನೂ ಬ್ಯಾಂಕಿಗೆ ಹೋಗಿಲ್ಲ ಅಂತ ನೀವು ಬರೆದುಕೊಳ್ಳುತ್ತೀರಿ. ಆಮೇಲೆ ಎಷ್ಟು ಸಲ ಕೂಡಿದರೂ ₹15,000 ಜಾಸ್ತಿಯೇ ಬರುತ್ತದೆ. ಅರ್ಧ ದಿನ ಸುಮ್ನೆ ಹಾಳು.

ಸರಪಳಿ ಕೂಡಿದ ಮೇಲೆ ಟಿಕ್ ಹಾಕಿ. ಬ್ಯಾಂಕಿನ ಕ್ರೆಡಿಟ್ ಅಂದರೆ ನಮ್ಮ ಲೆಡ್ಜರ್‌ನ ಡೆಬಿಟ್, ಇದೊಂದು ನೆನಪಿರಲಿ. ಟಿಕ್ ಬೀಳದೆ ಉಳಿದವು ಮೂರೇ. ಲಾರಿ ಬಾಡಿಗೆಗೆ ಕೊಟ್ಟ ₹45,000ದ ಚೆಕ್ಕನ್ನು ಅವರಿನ್ನೂ ಬ್ಯಾಂಕಿಗೆ ಹಾಕಿಲ್ಲ. ನಾವು ಹಾಕಿದ ₹18,000ದ ಚೆಕ್ ಇನ್ನೂ ಜಮಾ ಆಗಿಲ್ಲ. ಬ್ಯಾಂಕ್ ಹಿಡಿದ ಶುಲ್ಕ, ಜಿಎಸ್‌ಟಿ ಸೇರಿ ₹354, ನಮ್ಮ ಲೆಡ್ಜರ್‌ನಲ್ಲಿಲ್ಲ.

ಲೆಕ್ಕ ಹೀಗೆ:

```
2,84,600 + 45,000 - 18,000 - 354 = 3,11,246
```

ಸ್ಟೇಟ್‌ಮೆಂಟಿನ ಬಾಕಿ ಬಂತಲ್ವಾ? ಬರದೆ ಉಳಿದ ವ್ಯತ್ಯಾಸ 9ರಿಂದ ಭಾಗವಾದರೆ ಅಂಕಿ ಅದಲುಬದಲಾಗಿರಬಹುದು, 5,420 ಇದ್ದದ್ದು 5,240 ಆದ ಹಾಗೆ. ಮಸುಕು ಫೋಟೋದಲ್ಲಿ 3 ಮತ್ತು 8 ಕೂಡ ಮೋಸ ಮಾಡುತ್ತವೆ. ಅನುಮಾನ ಬಂದರೆ ಆ ಸಾಲಿನ ಹಿಂದಿನ, ಮುಂದಿನ ಬಾಕಿ ಕಳೆದು ನೋಡಿ.

ಈಗ ಲೆಡ್ಜರ್‌ನಲ್ಲಿ ಬರೆಯಬೇಕಾದದ್ದು ₹354 ಮಾತ್ರ. ಎರಡು ಚೆಕ್‌ಗಳನ್ನು ಮುಟ್ಟಬೇಡಿ, ಏಪ್ರಿಲ್ ಸ್ಟೇಟ್‌ಮೆಂಟಿನಲ್ಲಿ ಹುಡುಕಿ. ಲಾರಿಯವರ ಚೆಕ್ ಮಾತ್ರ ತಾರೀಖಿನಿಂದ 3 ತಿಂಗಳು ದಾಟಿದರೆ ಬ್ಯಾಂಕಿನಲ್ಲಿ ನಡೆಯುವುದಿಲ್ಲ. ಆಗ ಆ ಎಂಟ್ರಿ ತಿರುಗಿಸಿ, ಅವರಿಗೆ ಕೊಡಬೇಕಾದ ಬಾಕಿ ಅಂತ ಮತ್ತೆ ತೋರಿಸಬೇಕು.