ಅಡುಗೆಮನೆ ಚೀಟಿ ಸರಿಹೋದರೆ ಅರ್ಧ ಕೆಲಸ ಮುಗಿದಂತೆ

ನಮ್ಮದು ಮೈಸೂರಿನಲ್ಲಿ ಹನ್ನೆರಡು ಟೇಬಲ್‌ಗಳ ಹೋಟೆಲ್. ಟ್ಯಾಬ್ಲೆಟ್‌ನಲ್ಲಿ ಆರ್ಡರ್ ತೆಗೆದುಕೊಳ್ಳೋಣ ಅಂತ ಹೊರಟಾಗ ಎಲ್ಲರೂ ಯಾವ ಆ್ಯಪ್ ಅಂತಲೇ ಕೇಳಿದರು. ನಾನು ಮೊದಲು ನೋಡಿದ್ದು ಅಡುಗೆಮನೆಗೆ ಹೋಗುವ ಚೀಟಿಯನ್ನು. ಕೈ ತುಂಬ ಕೆಲಸ ಇರುವ ಭಟ್ಟರು ಅದನ್ನು ನಿಂತಲ್ಲಿಂದಲೇ ಓದಬೇಕು, ಅಲ್ವಾ?

ಟೇಬಲ್ ನಂಬರ್ ವಿಷಯಕ್ಕೆ ಬರೋಣ. ಮಧ್ಯಾಹ್ನ ನಮ್ಮಲ್ಲಿ ಪರಿಚಯ ಇಲ್ಲದವರೂ ಎದುರುಬದುರು ಕೂತು ಊಟ ಮಾಡುತ್ತಾರೆ. ಬರೀ 4 ಅಂತ ಇಟ್ಟರೆ ಇಬ್ಬರ ಬಿಲ್ಲೂ ಒಂದಾಗುತ್ತದೆ. ಅದಕ್ಕೇ ಗೋಡೆ ಕಡೆ 4ಎ, ಓಡಾಡುವ ಕಡೆ 4ಬಿ ಅಂತ ಮಾಡಿದೆ. ಪಾರ್ಸೆಲ್‌ಗೆ ಬೇರೆ ನಂಬರ್ ಸಾಲು.

ಪ್ರಿಂಟರ್ 80 ಮಿ.ಮೀ. ಅಗಲದ ಥರ್ಮಲ್, ಲ್ಯಾನ್ ಕೇಬಲ್ ಇರುವಂಥದ್ದು. ಎರಡು ಮೂರು ಟ್ಯಾಬ್ಲೆಟ್‌ಗಳಿಂದ ಒಂದೇ ಪ್ರಿಂಟರ್‌ಗೆ ಚೀಟಿ ಹೋಗಬೇಕಾದರೆ ಬ್ಲೂಟೂತ್‌ಗಿಂತ ಇದೇ ವಾಸಿ. ರೌಟರ್‌ನಲ್ಲಿ ಪ್ರಿಂಟರ್‌ನ ಐಪಿ ವಿಳಾಸ ಬದಲಾಗದಂತೆ ಕಟ್ಟಿಹಾಕಲೇಬೇಕು. ಇಲ್ಲದಿದ್ದರೆ ಕರೆಂಟ್ ಹೋಗಿ ಬಂದಾಗ ಪ್ರಿಂಟರ್‌ಗೆ ಹೊಸ ವಿಳಾಸ ಸಿಗಬಹುದು, ಟ್ಯಾಬ್ಲೆಟ್ ಮಾತ್ರ ಹಳೆಯದನ್ನೇ ಹುಡುಕುತ್ತಿರುತ್ತದೆ. ಪ್ರಿಂಟರ್‌ನ ಫೀಡ್ ಬಟನ್ ಒತ್ತಿ ಹಿಡಿದು ಆನ್ ಮಾಡಿದರೆ ಸಾಮಾನ್ಯವಾಗಿ ಒಂದು ಪರೀಕ್ಷೆ ಚೀಟಿ ಬರುತ್ತದೆ. ಲ್ಯಾನ್ ಪ್ರಿಂಟರ್ ಆದರೆ ಈಗಿನ ವಿಳಾಸ ಅದರಲ್ಲೇ ಇರುತ್ತದೆ. ರೌಟರ್, ಪ್ರಿಂಟರ್ ಎರಡನ್ನೂ ಯುಪಿಎಸ್‌ಗೆ ಹಾಕಿದ್ದೇನೆ. ಒಲೆಯ ಹತ್ತಿರ ಪ್ರಿಂಟರ್ ಇಡಬೇಡಿ. ಶಾಖಕ್ಕೆ ಥರ್ಮಲ್ ಕಾಗದವೇ ಕಪ್ಪಾಗುತ್ತದೆ.

ನಮ್ಮ ಭಟ್ಟರಿಗೆ ಕನ್ನಡದಲ್ಲೇ ಚೀಟಿ ಬೇಕಿತ್ತು. ಇಂಥ ಪ್ರಿಂಟರ್‌ಗಳಲ್ಲಿ ಹೆಚ್ಚಿನವಕ್ಕೆ ಕನ್ನಡ ಅಕ್ಷರ ಗೊತ್ತಿಲ್ಲ, ಪ್ರಶ್ನೆ ಚಿಹ್ನೆಗಳು ಬರುತ್ತವೆ. ಆ್ಯಪ್ ಇಡೀ ಚೀಟಿಯನ್ನು ಚಿತ್ರ ಮಾಡಿ ಕಳಿಸಿದರೆ ಸರಿಯಾಗಿ ಬರುತ್ತದೆ, ಸ್ವಲ್ಪ ನಿಧಾನ ಅಷ್ಟೇ. ಆ್ಯಪ್ ಕೊಳ್ಳುವ ಮೊದಲೇ ‘ಮಸಾಲೆ ದೋಸೆ, ಈರುಳ್ಳಿ ಬೇಡ’ ಅಂತ ಒಂದು ಚೀಟಿ ಹೊಡೆಸಿ ನೋಡಿ. ನಮ್ಮಲ್ಲಿ ಟೇಬಲ್ ನಂಬರ್ ಎಲ್ಲಕ್ಕಿಂತ ಮೇಲೆ, ದಪ್ಪಕ್ಕೆ. ಬೆಲೆ ಇಲ್ಲ, ಅಡುಗೆಮನೆಯಲ್ಲಿ ಅದರ ಅಗತ್ಯ ಯಾರಿಗೂ ಇಲ್ಲ.

ಆರ್ಡರ್ ರದ್ದಾದರೆ ಟ್ಯಾಬ್ಲೆಟ್‌ನಲ್ಲಿ ಸುಮ್ನೆ ಅಳಿಸಿದರೆ ಸಾಲದು. ‘4ಎ, ವಡೆ 1, ರದ್ದು’ ಅಂತ ಇನ್ನೊಂದು ಚೀಟಿ ಒಳಗೆ ಹೋಗಬೇಕು. ಯಾರು, ಎಷ್ಟು ಗಂಟೆಗೆ ರದ್ದು ಮಾಡಿದರು ಅನ್ನುವುದೂ ಉಳಿಯಬೇಕು.

ರಾತ್ರಿ ವರದಿಯಲ್ಲಿ ಒಟ್ಟು ಮಾರಾಟ ಒಂದನ್ನೇ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಮಾರಾಟ 18,450 ರೂಪಾಯಿ, ಅದರಲ್ಲಿ ಯುಪಿಐ 11,200 ಅಂದುಕೊಳ್ಳಿ. ನಗದು 7,250. ಬೆಳಗ್ಗೆ ಗಲ್ಲಾಪೆಟ್ಟಿಗೆಯಲ್ಲಿ ಚಿಲ್ಲರೆಗೆ ಇಟ್ಟಿದ್ದು 2,000, ಹಾಲಿಗೆ ಕೊಟ್ಟಿದ್ದು 600. ಅಂದರೆ ಗಲ್ಲಾಪೆಟ್ಟಿಗೆಯಲ್ಲಿ 8,650 ಇರಬೇಕು. ಯುಪಿಐ ಮೊತ್ತವನ್ನು ಬ್ಯಾಂಕ್ ಖಾತೆಗೆ ಬಂದಿದ್ದರ ಜೊತೆ ತಾಳೆ ಹಾಕುತ್ತೇನೆ. ಆಮೇಲೆ ರದ್ದಾದ ಚೀಟಿಗಳು, ಬಿಲ್ ಆಗದೆ ಉಳಿದ ಚೀಟಿಗಳು. ದುಡ್ಡು ಸೋರಿದರೆ ಹೆಚ್ಚಾಗಿ ಅಲ್ಲೇ ಸಿಕ್ಕಿಬೀಳುತ್ತದೆ.